ಸರಾಸರಿ ಬೆಳೆಯಿತು, ಹಿಂಡು ಕರಗಿತು

ಒಂದು ಕುರಿ ಹಿಂಡನ್ನು ಮನಸ್ಸಿಗೆ ತಂದುಕೊಳ್ಳಿ. ಇವತ್ತು ಅದರಲ್ಲಿ 100 ಕುರಿಗಳಿವೆ. ಮಳೆ ಚೆನ್ನಾಗಿ ಆಗಿ ಮೇವು ಸಿಕ್ಕ ವರ್ಷ ಹಿಂಡು ಒಂದೂವರೆ ಪಟ್ಟಾಗುತ್ತದೆ. 100 ಇದ್ದದ್ದು 150 ಆಗುತ್ತದೆ. ಮಳೆ ಕೈಕೊಟ್ಟ ವರ್ಷ ನೂರಕ್ಕೆ ನಲವತ್ತು ಹೋಗಿ 60 ಉಳಿಯುತ್ತದೆ. ಒಳ್ಳೆಯ ವರ್ಷವೋ ಕೆಟ್ಟ ವರ್ಷವೋ ಎಂಬುದು ನಾಣ್ಯ ಚಿಮ್ಮಿದ ಹಾಗೆ, ಎರಡಕ್ಕೂ ಸಮಪಾಲು. ಈ ಹಿಂಡು ಬೆಳೆಯುತ್ತದೆಯೋ ಕರಗುತ್ತದೆಯೋ?

ಯಾರನ್ನು ಕೇಳಿದರೂ ಬೆಳೆಯುತ್ತದೆ ಎಂದೇ ಹೇಳುತ್ತಾರೆ. ಬಂದರೆ 50, ಹೋದರೆ 40, ಲಾಭವೇ ಹೆಚ್ಚಲ್ಲವೇ? ಸರಾಸರಿ ತೆಗೆದರೆ ವರ್ಷಕ್ಕೆ ಶೇಕಡ 5 ಏರಿಕೆ. ನಾನೂ ಮೊದಲು ಹಾಗೆಯೇ ನಂಬಿದ್ದೆ. ನಂಬಿಕೆ ಅಲುಗಿದ್ದು ಹಾಳೆಯ ಮೇಲೆ ಎರಡು ವರ್ಷಗಳ ಲೆಕ್ಕ ಬರೆದು ನೋಡಿದಾಗ.

ಎರಡು ವರ್ಷದಲ್ಲಿ ನಾಲ್ಕೇ ದಾರಿಗಳಿವೆ. ಎರಡೂ ಒಳ್ಳೆಯ ವರ್ಷವಾದರೆ 100, 150, 225. ಮೊದಲು ಒಳ್ಳೆಯದು, ಆಮೇಲೆ ಕೆಟ್ಟದ್ದಾದರೆ 100, 150, 90. ಮೊದಲು ಕೆಟ್ಟದ್ದು, ಆಮೇಲೆ ಒಳ್ಳೆಯದಾದರೆ 100, 60, ಮತ್ತೆ 90. ಎರಡೂ ಕೆಟ್ಟದ್ದಾದರೆ 36. ನಾಲ್ಕನ್ನೂ ಕೂಡಿದರೆ 441, ಸರಾಸರಿ 110.25. ಸರಾಸರಿ ಬೆಳೆದದ್ದು ನಿಜ. ಆದರೆ ನಾಲ್ಕು ದಾರಿಗಳಲ್ಲಿ ಮೂರರಲ್ಲಿ ಹಿಂಡು 100ಕ್ಕಿಂತ ಕಡಿಮೆಯಾಗಿದೆ. ಒಂದು ಒಳ್ಳೆಯ ವರ್ಷ, ಒಂದು ಕೆಟ್ಟ ವರ್ಷ ಎಂದು ನ್ಯಾಯವಾಗಿ ಹಂಚಿಕೊಂಡ ಹಿಂಡಿಗೂ ಹತ್ತು ಕುರಿ ನಷ್ಟ.

ವರ್ಷಗಳನ್ನು ಹೆಚ್ಚಿಸುತ್ತ ಹೋದರೆ ಈ ಅಂತರ ಹಿಗ್ಗುತ್ತದೆ. ಇಪ್ಪತ್ತು ವರ್ಷಕ್ಕೆ ಸರಾಸರಿ 265 ಕುರಿಗಳು. ಹತ್ತು ಒಳ್ಳೆಯ ವರ್ಷ, ಹತ್ತು ಕೆಟ್ಟ ವರ್ಷ ಕಂಡ ಹಿಂಡಿನಲ್ಲಿ ಮಾತ್ರ 35. ಆರಂಭದ 100ಕ್ಕಿಂತ ಮೇಲೆ ನಿಲ್ಲುವುದು ನಾಲ್ಕು ಹಿಂಡುಗಳಲ್ಲಿ ಒಂದು. ನೂರು ವರ್ಷಕ್ಕೆ ಸರಾಸರಿ 13,000 ದಾಟುತ್ತದೆ. ಐವತ್ತು ಒಳ್ಳೆಯ, ಐವತ್ತು ಕೆಟ್ಟ ವರ್ಷ ಕಂಡ ಹಿಂಡಿನಲ್ಲಿ ಲೆಕ್ಕದ ಪ್ರಕಾರ ಅರ್ಧ ಕುರಿ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಬಹಳ ಅದೃಷ್ಟದ ಕೆಲವೇ ಹಿಂಡುಗಳು ಬೆಟ್ಟದಷ್ಟು ಬೆಳೆದು ಸರಾಸರಿಯನ್ನು ಎತ್ತಿ ಹಿಡಿದಿವೆ, ಉಳಿದವೆಲ್ಲ ಅದರ ನೆರಳಿನಲ್ಲಿ ಕರಗಿಹೋಗಿವೆ.

ಬೆಳವಣಿಗೆಯ ಸಮೀಕರಣಕ್ಕೆ ಏರುಪೇರು ಸೇರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯ ತಿರುಳು ಈ ಎರಡು ವರ್ಷದ ಲೆಕ್ಕದಲ್ಲೇ ಇದೆ. ಇದನ್ನು ವರ್ಷ ವರ್ಷವಾಗಿ ನೋಡುವ ಬದಲು ಕ್ಷಣ ಕ್ಷಣವಾಗಿ ನೋಡಿದರೆ ಸಿಗುವುದೇ ಯಾದೃಚ್ಛಿಕ ಅವಕಲ ಸಮೀಕರಣ. ಹೆಸರು ಭಾರ, ಆದರೆ ಒಳಗಿನ ವಿಚಾರ ಕುರಿ ಲೆಕ್ಕಕ್ಕಿಂತ ದೂರದ್ದಲ್ಲ.

ಮೊದಲು ಏರುಪೇರಿಲ್ಲದ ಬೆಳವಣಿಗೆ. ಇದ್ದದ್ದಕ್ಕೆ ತಕ್ಕಂತೆ ಬೆಳೆಯುವುದೆಲ್ಲ ಈ ಜಾತಿಯದು: ಬ್ಯಾಂಕಿನ ಚಕ್ರಬಡ್ಡಿ, ಹಾಲಿಗೆ ಹೆಪ್ಪು ಹಾಕಿದ ಮೇಲೆ ಹೆಚ್ಚುವ ಬ್ಯಾಕ್ಟೀರಿಯಾ, ಮೇವಿಗೆ ಕೊರತೆಯಿಲ್ಲದ ಹಿಂಡು. ಅದನ್ನು ಹೀಗೆ ಬರೆಯುತ್ತಾರೆ:

dX = r X dt

ಇಲ್ಲಿ X ಎಂದರೆ ಈಗ ಇರುವುದು, dt ಎಂದರೆ ಒಂದು ಚಿಕ್ಕ ಕ್ಷಣ, dX ಎಂದರೆ ಆ ಕ್ಷಣದಲ್ಲಿ ಸೇರುವುದು, r ಎಂದರೆ ಬೆಳವಣಿಗೆಯ ದರ. ದರ ಶೇಕಡ 5 ಆದರೆ ಸುಮಾರು 14 ವರ್ಷಕ್ಕೆ ಇದ್ದದ್ದು ಎರಡರಷ್ಟಾಗುತ್ತದೆ. ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಇವತ್ತಿನ ಸಂಖ್ಯೆ ಗೊತ್ತಿದ್ದರೆ ಮೂವತ್ತು ವರ್ಷದ ಮೇಲಿನ ಸಂಖ್ಯೆಯೂ ಗೊತ್ತು.

ಮಳೆಯೋ ರೋಗವೋ ಮೇವಿನ ಬೆಲೆಯೋ ಬಂದು ಇದನ್ನು ಅಲುಗಾಡಿಸಿದಾಗ ಸಮೀಕರಣಕ್ಕೆ ಇನ್ನೊಂದು ತುಂಡು ಸೇರಿಸಬೇಕಾಗುತ್ತದೆ:

dX = r X dt + σ X dW

ಮೊದಲ ತುಂಡು ಹಳೆಯದೇ. ಎರಡನೆಯ ತುಂಡಿನಲ್ಲಿ σ ಅಂದರೆ ಸಿಗ್ಮಾ, ಅಲುಗಾಟದ ಜೋರನ್ನು ಹೇಳುತ್ತದೆ. dW ಎಂದರೆ ಆ ಕ್ಷಣದ ಅದೃಷ್ಟ: ಕೆಲವೊಮ್ಮೆ ಧನ, ಕೆಲವೊಮ್ಮೆ ಋಣ, ಸರಾಸರಿ ಸೊನ್ನೆ, ಹಿಂದಿನ ಕ್ಷಣದ ನೆನಪು ಒಂದಿಷ್ಟೂ ಇಲ್ಲ. ಇಡೀ ಸಾಲನ್ನು ಕನ್ನಡದಲ್ಲಿ ಓದಿದರೆ ಇಷ್ಟೇ: ಮುಂದಿನ ಚಿಕ್ಕ ಕ್ಷಣದಲ್ಲಿ, ಈಗ ಇರುವುದಕ್ಕೆ ತಕ್ಕಷ್ಟು ಖಚಿತ ಬೆಳವಣಿಗೆಯನ್ನು ಸೇರಿಸು, ಅದರ ಮೇಲೆ ಈಗ ಇರುವುದಕ್ಕೇ ತಕ್ಕಷ್ಟು ಅದೃಷ್ಟದ ಏರನ್ನೋ ಇಳಿತವನ್ನೋ ಸೇರಿಸು, ಮತ್ತೆ ಅದನ್ನೇ ಮಾಡು.

ಸಮೀಕರಣ ಎಂದ ಕೂಡಲೇ ನಾವು ಒಂದು ಉತ್ತರವನ್ನು ನಿರೀಕ್ಷಿಸುತ್ತೇವೆ. ಇದಕ್ಕೆ ಒಂದು ಉತ್ತರ ಇಲ್ಲ. ಒಂದೊಂದು ಸಲ ಅದೃಷ್ಟ ಚಿಮ್ಮಿದಾಗಲೂ ಒಂದೊಂದು ದಾರಿ ಸಿಗುತ್ತದೆ. ಈ ಸಮೀಕರಣದ ಉತ್ತರ ಎಂದರೆ ಒಂದೇ ಕಡೆಯಿಂದ ಹೊರಟು ಬೇರೆ ಬೇರೆ ಕಡೆ ಹರಡಿಕೊಂಡ ದಾರಿಗಳ ಒಂದು ಕಂತೆ. ಎಷ್ಟು ದಾರಿ ಮೇಲೆ ಹೋದವು, ಎಷ್ಟು ಕೆಳಗೆ ಬಿದ್ದವು, ನಡುವಿನದು ಎಲ್ಲಿದೆ ಎಂಬುದನ್ನು ಮಾತ್ರ ಅದು ಖಚಿತವಾಗಿ ಹೇಳಬಲ್ಲದು.

ಈಗ ಇಡೀ ವಿಷಯ ನಿಂತಿರುವ ಜಾಗಕ್ಕೆ ಬರೋಣ. dW ಎಷ್ಟು ದೊಡ್ಡದಿರಬೇಕು? ಕ್ಷಣ ಚಿಕ್ಕದಾದಂತೆ ಅದೃಷ್ಟದ ಹೊಡೆತವೂ ಚಿಕ್ಕದಾಗಬೇಕು, ಸರಿ. ಆದರೆ ಎಷ್ಟು ಚಿಕ್ಕದು?

ನಾಣ್ಯವನ್ನು 100 ಸಲ ಚಿಮ್ಮಿ, ತಲೆ ಬಿದ್ದರೆ ಒಂದು ಹೆಜ್ಜೆ ಮುಂದೆ, ಬಾಲ ಬಿದ್ದರೆ ಒಂದು ಹೆಜ್ಜೆ ಹಿಂದೆ ಇಡಿ. ಕೊನೆಗೆ ಹೊರಟ ಜಾಗದಿಂದ ಸಾಮಾನ್ಯವಾಗಿ ಹತ್ತು ಹೆಜ್ಜೆಯ ಆಸುಪಾಸಿನಲ್ಲಿ ಇರುತ್ತೀರಿ, ನೂರು ಹೆಜ್ಜೆ ದೂರದಲ್ಲಲ್ಲ. 10,000 ಸಲ ಚಿಮ್ಮಿದರೆ ಸುಮಾರು 100 ಹೆಜ್ಜೆ. ಹಿಂದೆ ಮುಂದೆ ಹೋದದ್ದು ಬಹುಪಾಲು ವಜಾ ಆಗಿ, ಉಳಿಯುವುದು ಹೆಜ್ಜೆಗಳ ಸಂಖ್ಯೆಯ ವರ್ಗಮೂಲದಷ್ಟು. ಪ್ರಕೃತಿಯಲ್ಲಿ ಇಂಥ ಅಲೆದಾಟ ಕಣ್ಣಿಗೆ ಬಿದ್ದದ್ದು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್‌ಗೆ. 1827ರಲ್ಲಿ ಅವರು ಸೂಕ್ಷ್ಮದರ್ಶಕದಡಿ ನೀರಿನ ಹನಿಯಲ್ಲಿ ಪರಾಗದ ಒಳಗಿನ ಸಣ್ಣ ಕಣಗಳು ನಿಲ್ಲದೆ ನಡುಗುತ್ತ ಅಲೆಯುವುದನ್ನು ಕಂಡರು. ಜೀವವಿರುವುದರಿಂದ ಹೀಗೋ ಎಂದು ಅನುಮಾನಿಸಿ ಕಲ್ಲಿನ ಪುಡಿಯನ್ನೂ ಹಾಕಿ ನೋಡಿದರು. ಅದೂ ಹಾಗೆಯೇ ನಡುಗಿತು. ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿರುವುದೇ ಕಾರಣ ಎಂದು ಲೆಕ್ಕ ಹಾಕಿ, ಕಣ ಸರಿಯುವ ದೂರ ಕಾಲದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ ಎಂದು 1905ರಲ್ಲಿ ತೋರಿಸಿದವರು ಐನ್‌ಸ್ಟೈನ್. ಅದಕ್ಕೂ ಐದು ವರ್ಷ ಮೊದಲು ಪ್ಯಾರಿಸ್‌ನಲ್ಲಿ ಲೂಯಿ ಬಾಶೆಲಿಯೆ ಷೇರುಪೇಟೆಯ ಬೆಲೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದೇ ಲೆಕ್ಕ ಇತ್ತು. ನಾರ್ಬರ್ಟ್ ವೀನರ್ 1923ರಲ್ಲಿ ಅದಕ್ಕೆ ಗಟ್ಟಿ ಗಣಿತದ ತಳಹದಿ ಹಾಕಿದರು. dWನಲ್ಲಿರುವ W ಅವರ ಹೆಸರಿನದು.

ಹಾಗಾಗಿ ಒಂದು ವರ್ಷವನ್ನು 10,000 ಚೂರು ಮಾಡಿದರೆ, ಒಂದು ಚೂರಿನ ಕಾಲ dt ಎಂದರೆ 0.0001. ಅದೃಷ್ಟದ ಹೊಡೆತ ಅಷ್ಟೇ ಚಿಕ್ಕದಾದರೆ ಏನಾಗುತ್ತದೆ ನೋಡಿ. 10,000 ಹೊಡೆತಗಳಲ್ಲಿ ವಜಾ ಆಗಿ ಉಳಿಯುವುದು 100 ಹೊಡೆತದಷ್ಟು, ಅಂದರೆ ಇಡೀ ವರ್ಷಕ್ಕೆ 0.01. ಚೂರುಗಳನ್ನು ಇನ್ನೂ ಸಣ್ಣ ಮಾಡಿದರೆ ಅದೂ ಮಾಯ. ಏರುಪೇರು ಸೇರಿಸಿದ್ದೇ ಸುಳ್ಳಾಗುತ್ತದೆ. ಹೊಡೆತವನ್ನು ಚಿಕ್ಕದು ಮಾಡದೇ ಬಿಟ್ಟರೆ ವರ್ಷದ ಕೊನೆಗೆ ಎಲ್ಲಿಗೋ ಹಾರಿಹೋಗುತ್ತದೆ. ಇವೆರಡರ ನಡುವೆ ಒಂದೇ ಒಂದು ಅಳತೆ ಸರಿಹೊಂದುತ್ತದೆ: dtಯ ವರ್ಗಮೂಲ, ಅಂದರೆ ಇಲ್ಲಿ 0.01. ಅಂಥ 10,000 ಹೊಡೆತಗಳಲ್ಲಿ ವಜಾ ಆಗಿ ಉಳಿಯುವುದು 100 × 0.01, ಅಂದರೆ 1. ಚೂರುಗಳು ಎಷ್ಟೇ ಸಣ್ಣದಾದರೂ ವರ್ಷದ ಕೊನೆಯ ಏರುಪೇರು ಬದಲಾಗುವುದಿಲ್ಲ.

ಇದರ ಪರಿಣಾಮ ದೊಡ್ಡದು. 0.0001ರಷ್ಟು ಚಿಕ್ಕ ಕಾಲದಲ್ಲಿ 0.01ರಷ್ಟು ಜಿಗಿತ ಎಂದರೆ ಕಾಲಕ್ಕಿಂತ ಜಿಗಿತ ನೂರು ಪಟ್ಟು. ಕಾಲವನ್ನು ಇನ್ನೂ ಚೂರು ಮಾಡಿದರೆ ಈ ಅನುಪಾತ ಇನ್ನೂ ಏರುತ್ತದೆ. ಹಾಗಾಗಿ ಈ ದಾರಿಗೆ ಯಾವ ಜಾಗದಲ್ಲೂ ಇಳಿಜಾರು ಎಂಬುದೇ ಇಲ್ಲ; ಎಷ್ಟು ಹತ್ತಿರದಿಂದ ನೋಡಿದರೂ ಅಷ್ಟೇ ಮೊನಚು, ಅಷ್ಟೇ ಅಂಕುಡೊಂಕು. ಪಿಯುಸಿಯಲ್ಲಿ ಕಲಿತ dX/dt ಇಲ್ಲಿ ಬರೆಯಲು ಬರುವುದಿಲ್ಲ. ಗಣಿತಜ್ಞರು ಸಮೀಕರಣವನ್ನು dX ಎಂದು ಒಂಟಿಯಾಗಿ ಬರೆಯುವುದು ಇದೇ ಕಾರಣಕ್ಕೆ. ಅದು ವೇಗವನ್ನು ಹೇಳುತ್ತಿಲ್ಲ, ಕೂಡುತ್ತ ಹೋಗುವ ಕ್ರಮವನ್ನು ಹೇಳುತ್ತಿದೆ.

ಈಗ ಹಿಂಡು ಯಾಕೆ ಕರಗಿತು ಎಂಬುದಕ್ಕೆ ಬರೋಣ. ಖಚಿತ ಬೆಳವಣಿಗೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಒಂದು ಹೆಜ್ಜೆಯಲ್ಲಿ ಶೇಕಡ 10 ಏರಿಕೆ, ಇನ್ನೊಂದರಲ್ಲಿ ಶೇಕಡ 10 ಇಳಿತ ಎಂದುಕೊಳ್ಳಿ. 100 ಇದ್ದದ್ದು 110 ಆಯಿತು. 110ರ ಶೇಕಡ 10 ಎಂದರೆ 11, ಕಳೆದರೆ 99. ಏರಿದಷ್ಟೇ ಇಳಿದರೂ ಒಂದು ಹೋಯಿತು. ಶೇಕಡ 20 ಆದರೆ 120, ಆಮೇಲೆ 96, ನಾಲ್ಕು ಹೋಯಿತು. ಏರುಪೇರು ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. ಎರಡು ಹೆಜ್ಜೆಗೆ ಆಗುವ ನಷ್ಟ ಏರುಪೇರಿನ ವರ್ಗದಷ್ಟು, ಒಂದು ಹೆಜ್ಜೆಗೆ ಅದರ ಅರ್ಧ. ಹೈಸ್ಕೂಲಿನ ಬೀಜಗಣಿತವೇ ಇದು: 1+s ಮತ್ತು 1−s ಗುಣಿಸಿದರೆ 1−s².

ಸಾಮಾನ್ಯ ಕಲನಶಾಸ್ತ್ರದಲ್ಲಿ ಚಿಕ್ಕದರ ವರ್ಗ ಬಂದರೆ ಅದನ್ನು ಕೈಬಿಡುತ್ತಾರೆ. 0.0001ರ ವರ್ಗ ಯಾವ ಲೆಕ್ಕಕ್ಕೆ? ಆದರೆ ಇಲ್ಲಿ ಹೊಡೆತ dtಯ ವರ್ಗಮೂಲದಷ್ಟಿದೆ. ಅದರ ವರ್ಗ ಮಾಡಿದರೆ dtಯೇ ಸಿಗುತ್ತದೆ. 0.01ರ ವರ್ಗ 0.0001. ಅಂಥ 10,000 ನಷ್ಟಗಳನ್ನು ಕೂಡಿದರೆ ವರ್ಷಕ್ಕೆ ಪೂರ್ತಿ 1. ಹೊಡೆತಗಳಲ್ಲಿ ಧನವೂ ಇದೆ ಋಣವೂ ಇದೆ, ಅವು ಒಂದನ್ನೊಂದು ವಜಾ ಮಾಡುತ್ತವೆ. ಅವುಗಳ ವರ್ಗಗಳು ಯಾವಾಗಲೂ ಧನವೇ, ಅವು ವಜಾ ಆಗದೆ ಕೂಡಿಕೊಳ್ಳುತ್ತ ಹೋಗುತ್ತವೆ. ಹೀಗೆ ಕೂಡಿದ ನಷ್ಟ ವರ್ಷಕ್ಕೆ σ²ದ ಅರ್ಧ. ಆದ್ದರಿಂದ ಒಂದು ಮಾಮೂಲಿ ಹಿಂಡು ಬೆಳೆಯುವ ನಿಜವಾದ ದರ r ಅಲ್ಲ,

r − σ²/2

ಈ ಲೇಖನದಲ್ಲಿ ಒಂದೇ ಸೂತ್ರವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಮ್ಮ ಕುರಿ ಹಿಂಡಿಗೆ ಹಾಕಿ ನೋಡೋಣ. ಸರಾಸರಿ ಏರಿಕೆ ಶೇಕಡ 5. ಅದರಿಂದ 50ಕ್ಕೂ −40ಕ್ಕೂ ಇರುವ ದೂರ 45. 0.45ರ ವರ್ಗ 0.2025, ಅರ್ಧ ಮಾಡಿದರೆ ಸುಮಾರು 0.10. 0.05ರಿಂದ 0.10 ಕಳೆದರೆ −0.05. ವರ್ಷಕ್ಕೆ ಶೇಕಡ 5ರಷ್ಟು ಇಳಿಕೆ. ಎರಡು ವರ್ಷಕ್ಕೆ 100 ಹೋಗಿ 90 ಆದದ್ದಕ್ಕೆ ಸರಿಯಾಗಿ ಇದು ತಾಳೆಯಾಗುತ್ತದೆ. ಅದೇ ಶೇಕಡ 5ರ ಸರಾಸರಿಗೆ ಏರುಪೇರು ಶೇಕಡ 20 ಮಾತ್ರ ಇದ್ದಿದ್ದರೆ ಕಳೆಯಬೇಕಾದದ್ದು ಶೇಕಡ 2. ಹಿಂಡು ವರ್ಷಕ್ಕೆ ಶೇಕಡ 3ರಂತೆ ನೆಮ್ಮದಿಯಾಗಿ ಬೆಳೆಯುತ್ತಿತ್ತು.

ವರ್ಗವನ್ನು ಕೈಬಿಡಬಾರದು ಎಂಬ ಈ ನಿಯಮಕ್ಕೆ ಜಪಾನಿನ ಕಿಯೋಸಿ ಇಟೊ ಅವರ ಹೆಸರಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಟೋಕಿಯೊದಲ್ಲಿ ಸರ್ಕಾರದ ಅಂಕಿಅಂಶ ಕಚೇರಿಯಲ್ಲಿ ನೌಕರರಾಗಿದ್ದರು. ಅಲ್ಲಿದ್ದುಕೊಂಡೇ 1942ರಲ್ಲಿ ಜಪಾನಿ ಭಾಷೆಯಲ್ಲಿ ಈ ಸಮೀಕರಣಗಳ ಮೊದಲ ಪ್ರಬಂಧ ಬರೆದರು. ಯುದ್ಧದ ನಡುವೆ ಹೊರದೇಶಗಳಲ್ಲಿ ಅದನ್ನು ಓದಿದವರು ಇಲ್ಲವೆನ್ನುವಷ್ಟು ಕಡಿಮೆ. 2006ರಲ್ಲಿ, ಗಣಿತದ ಬಳಕೆಗಾಗಿ ಕೊಡುವ ಗೌಸ್ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದವರು ಅವರೇ.

ಇದರ ಪಕ್ಕದಲ್ಲೇ ಇನ್ನೊಂದು ಕಥೆ ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ವುಲ್ಫ್‌ಗಾಂಗ್ ಡೋಬ್ಲಿನ್ ಜರ್ಮನ್ ಕಾದಂಬರಿಕಾರ ಆಲ್ಫ್ರೆಡ್ ಡೋಬ್ಲಿನ್ ಅವರ ಮಗ. ಯಹೂದಿ ಕುಟುಂಬ ನಾಜಿಗಳಿಂದ ತಪ್ಪಿಸಿಕೊಂಡು ಫ್ರಾನ್ಸ್ ಸೇರಿತ್ತು. ಡೋಬ್ಲಿನ್ ಫ್ರೆಂಚ್ ಸೈನಿಕನಾಗಿ ಗಡಿಯಲ್ಲಿದ್ದಾಗಲೇ ಗಣಿತ ಬರೆದರು. 1940ರ ಫೆಬ್ರವರಿಯಲ್ಲಿ ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಕಳಿಸಿದರು. ಅದೇ ಜೂನ್‌ನಲ್ಲಿ ಜರ್ಮನ್ ಸೈನ್ಯ ಸುತ್ತುವರಿದಾಗ, ಸೆರೆ ಸಿಕ್ಕುವ ಬದಲು ಪ್ರಾಣ ಕಳೆದುಕೊಂಡರು. ವಯಸ್ಸು 25. ಲಕೋಟೆ ತೆರೆದದ್ದು 2000ದಲ್ಲಿ. ಒಳಗೆ, ಇಟೊ ಆಮೇಲೆ ಕಂಡುಕೊಂಡ ಸೂತ್ರಕ್ಕೆ ತೀರ ಹತ್ತಿರದ ವಿಚಾರ ಇತ್ತು.

ನಮ್ಮ ಕಡೆಯವರೂ ಈ ಹೊಲದಲ್ಲಿ ದುಡಿದಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿ, ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ನಿರ್ದೇಶಕರಾಗಿದ್ದ ಗೋಪಿನಾಥ್ ಕಲ್ಯಾಣಪುರ ಅವರು ಏರುಪೇರಿನ ಒಳಗಿಂದ ನಿಜವಾದ ಸಂಕೇತವನ್ನು ಸೋಸಿ ತೆಗೆಯುವ ಗಣಿತದಲ್ಲಿ ಹೆಸರಾದವರು. ಆ ವಿಷಯದ ಒಂದು ಮುಖ್ಯ ಸೂತ್ರಕ್ಕೆ ಅವರದೂ ಚಾರ್ಲೆಟ್ ಸ್ಟ್ರೀಬೆಲ್ ಅವರದೂ ಹೆಸರಿದೆ.

ಕಂಪ್ಯೂಟರ್ ಇದ್ದವರು ಇದನ್ನೆಲ್ಲ ಕಣ್ಣಾರೆ ನೋಡಬಹುದು. ಕೆಳಗಿನ ಪೈಥಾನ್ ಸಾಲುಗಳು 10,000 ಹಿಂಡುಗಳನ್ನು 50 ವರ್ಷ ಸಾಕುತ್ತವೆ. ಸರಾಸರಿ ಏರಿಕೆ ಶೇಕಡ 5, ಏರುಪೇರು ಶೇಕಡ 40.

```
import numpy as np
r, s, T, n = 0.05, 0.4, 50, 5000
dt = T / n
x = np.full(10000, 100.0)
for i in range(n):
    dW = np.sqrt(dt) * np.random.randn(10000)
    x += r * x * dt + s * x * dW
print(np.mean(x), np.median(x))
```

ಸಮೀಕರಣದಲ್ಲಿ ಇದ್ದದ್ದೇ `x +=` ಸಾಲಿನಲ್ಲೂ ಇದೆ, ಅಕ್ಷರಕ್ಕೆ ಅಕ್ಷರ. ಕೊನೆಯ ಸಾಲು ಎರಡು ಸಂಖ್ಯೆ ಮುದ್ರಿಸುತ್ತದೆ: ಮೊದಲನೆಯದು ಸರಾಸರಿ, ಎರಡನೆಯದು ಮಧ್ಯಾಂಕ, ಅಂದರೆ ಹಿಂಡುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತಿದ್ದು. ಮಧ್ಯಾಂಕ ಪ್ರತಿ ಸಲವೂ 22ರ ಆಸುಪಾಸಿನಲ್ಲೇ ಬರುತ್ತದೆ. r − σ²/2 ಎಂದರೆ ಇಲ್ಲಿ 0.05 − 0.08, ಅಂದರೆ ವರ್ಷಕ್ಕೆ ಶೇಕಡ 3ರ ಇಳಿಕೆ. 50 ವರ್ಷ ಹಾಗೆ ಇಳಿದರೆ ಉಳಿಯುವುದು 22.3. ಸೂತ್ರದ ಪ್ರಕಾರ ಸರಾಸರಿ 1,218 ಬರಬೇಕು. ಆದರೆ ಪ್ರೋಗ್ರಾಮನ್ನು ನಾಲ್ಕಾರು ಸಲ ಓಡಿಸಿ ನೋಡಿ, ಸರಾಸರಿ ಮಾತ್ರ ಒಂದು ಕಡೆ ನಿಲ್ಲುವುದೇ ಇಲ್ಲ. ಒಮ್ಮೆ ಸಾವಿರದ ಕೆಳಗೆ, ಒಮ್ಮೆ ಮೇಲೆ. 10,000 ಹಿಂಡುಗಳೂ ಅದಕ್ಕೆ ಸಾಲುವುದಿಲ್ಲ. ಆ ಸರಾಸರಿಯನ್ನು ಹೊತ್ತಿರುವುದು ಬೆರಳೆಣಿಕೆಯ ಅದೃಷ್ಟವಂತ ಹಿಂಡುಗಳು. ಅವು ಈ ಸಲದ ಓಟದಲ್ಲಿ ಸಿಕ್ಕಿದವೋ ಇಲ್ಲವೋ ಎಂಬುದರ ಮೇಲೆ ಸರಾಸರಿ ಏರಿಳಿಯುತ್ತದೆ. ಆ 1,218ನ್ನು ದಾಟುವುದು ನೂರಕ್ಕೆ ಸುಮಾರು 8 ಹಿಂಡುಗಳು ಮಾತ್ರ. ನೂರಕ್ಕೆ 70 ಹಿಂಡುಗಳು ಹೊರಟ 100ರ ಕೆಳಗೇ ಇರುತ್ತವೆ.

ಮೊದಲ ಸಲ ಬರೆಯುವವರು ಇಲ್ಲಿ ಮಾಡುವ ತಪ್ಪು ಒಂದೇ: `np.sqrt(dt)` ಎಂದು ಬರೆಯುವ ಕಡೆ `dt` ಎಂದು ಬರೆಯುವುದು. ಪ್ರೋಗ್ರಾಮ್ ತಕರಾರಿಲ್ಲದೆ ಓಡುತ್ತದೆ, ದೋಷದ ಸೂಚನೆ ಏನೂ ಬರುವುದಿಲ್ಲ. ಆದರೆ ಸರಾಸರಿಯೂ ಮಧ್ಯಾಂಕವೂ ಎರಡೂ 1,200ರ ಸುತ್ತ ಒಟ್ಟಿಗೆ ನಿಂತುಬಿಡುತ್ತವೆ. ಗುರುತು ಹಿಡಿಯುವ ದಾರಿ ಸುಲಭ. `n` ಅನ್ನು ನಾಲ್ಕು ಪಟ್ಟು ಮಾಡಿ ಮತ್ತೆ ಓಡಿಸಿ. ಸರಿಯಾದ ಪ್ರೋಗ್ರಾಮಿನಲ್ಲಿ ಹಿಂಡುಗಳ ಹರಡಿಕೆ ಹಾಗೆಯೇ ಇರುತ್ತದೆ. ತಪ್ಪಿದ್ದರೆ ಅದು ಅರ್ಧಕ್ಕೆ ಇಳಿಯುತ್ತದೆ. ವರ್ಗಮೂಲವನ್ನು ಪೂರ್ತಿ ಬಿಟ್ಟು ಬರೀ `randn` ಬರೆದರೆ ಹಿಂಡುಗಳು ಬಹುತೇಕ ಸೊನ್ನೆಗೆ ಕುಸಿಯುತ್ತವೆ.

ಇನ್ನೊಂದು ಗೊಂದಲ ಗಣಿತಜ್ಞರ ನಡುವೆಯೇ ಬಹಳ ಕಾಲ ಇತ್ತು. σ X dW ಎಂದು ಗುಣಿಸುವಾಗ X ಎಂದರೆ ಯಾವಾಗಿನದು? ಹೆಜ್ಜೆಯ ಆರಂಭದಲ್ಲಿದ್ದದ್ದೋ, ನಡುವಿನದೋ? ನೇರವಾದ ದಾರಿಗಳಲ್ಲಿ ಇದರಿಂದ ವ್ಯತ್ಯಾಸವೇ ಆಗುವುದಿಲ್ಲ. ಈ ಅಂಕುಡೊಂಕು ದಾರಿಯಲ್ಲಿ ಆಗುತ್ತದೆ. ಇಟೊ ಆರಂಭದ ಬೆಲೆಯನ್ನು ತೆಗೆದುಕೊಂಡರು. ಮುಂದೆ ಬರುವ ಹೊಡೆತ ಹಿಂಡಿಗೆ ಮೊದಲೇ ಗೊತ್ತಿರುವುದಿಲ್ಲವಲ್ಲ. ರಷ್ಯಾದ ರುಸ್ಲಾನ್ ಸ್ಟ್ರಾಟನೋವಿಚ್ ನಡುವಿನದನ್ನು ತೆಗೆದುಕೊಂಡರು. ಅವರ ಲೆಕ್ಕದಲ್ಲಿ σ²/2 ಕಳೆಯುವುದೇ ಇಲ್ಲ, ಹಿಂಡಿನ ದರ r ಆಗಿಯೇ ಉಳಿಯುತ್ತದೆ. ಒಂದೇ ಸಮೀಕರಣ ಒಬ್ಬರಿಗೆ ಕರಗುವ ಹಿಂಡನ್ನು, ಇನ್ನೊಬ್ಬರಿಗೆ ಬೆಳೆಯುವ ಹಿಂಡನ್ನು ಕೊಟ್ಟರೆ ಯಾರನ್ನು ನಂಬುವುದು?

ಜಗಳ ಬಿಡಿಸುವುದು r ಎಂದರೆ ಏನನ್ನು ಅಳೆದದ್ದು ಎಂಬ ಪ್ರಶ್ನೆ. ನಮ್ಮ ಹಿಂಡಿನಲ್ಲಿ +50 ಮತ್ತು −40ರ ನೇರ ಸರಾಸರಿ ತೆಗೆದು 5 ಎಂದರೆ, ಅದು ಇಟೊ ಸಮೀಕರಣಕ್ಕೆ ಹಾಕಬೇಕಾದ r. 1.5 ಮತ್ತು 0.6 ಎರಡರ ಲಾಗರಿದಮ್ ತೆಗೆದು ಸರಾಸರಿ ಮಾಡಿದರೆ −5.3 ಸಿಗುತ್ತದೆ, ಅದು ಸ್ಟ್ರಾಟನೋವಿಚ್ ಸಮೀಕರಣದ r. ತಕ್ಕದ್ದನ್ನು ತಕ್ಕ ಕಡೆ ಹಾಕಿದರೆ ಎರಡೂ ಒಂದೇ ಉತ್ತರ ಹೇಳುತ್ತವೆ: ಹಿಂಡು ಕರಗುತ್ತದೆ. ಒಂದಕ್ಕೆ ಅಳೆದ ದರವನ್ನು ಇನ್ನೊಂದಕ್ಕೆ ಹಾಕಿದಾಗ ಮಾತ್ರ ಎಡವಟ್ಟು.

ಇದೇ ಸಮೀಕರಣದಲ್ಲಿ X ಅನ್ನು ಷೇರಿನ ಬೆಲೆ ಎಂದುಕೊಂಡು 1973ರಲ್ಲಿ ಬ್ಲಾಕ್ ಮತ್ತು ಶೋಲ್ಸ್ ಆಪ್ಷನ್‌ಗಳಿಗೆ ಬೆಲೆ ಕಟ್ಟುವ ಸೂತ್ರ ಕೊಟ್ಟರು. ಪೇಟೆಯಲ್ಲಿ ಈ ಸಮೀಕರಣಕ್ಕೆ ಹೆಸರು ಬಂದದ್ದು ಅಲ್ಲಿಂದ. ನನಗೆ ಮಾತ್ರ ಇದು ಜೀವಿಗಳ ಲೋಕದಲ್ಲಿ ಹೇಳುವ ಮಾತೇ ಹೆಚ್ಚು ಮುಖ್ಯ ಎನ್ನಿಸುತ್ತದೆ. ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ ಮತ್ತು ಡಾನ್ ಕೊಹೆನ್ 1969ರಲ್ಲಿ ಒಂದು ಪುಟ್ಟ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಪರಿಸರ ಏರುಪೇರಾಗುವಾಗ ಒಂದು ಜೀವಸಂಕುಲದ ಸರಾಸರಿ ಸಂಖ್ಯೆ ಅನಂತದ ಕಡೆಗೆ ಬೆಳೆಯುತ್ತಿದ್ದರೂ ಅದು ನಶಿಸಿಹೋಗುವುದು ಬಹುತೇಕ ಖಚಿತವಾಗಿರಬಹುದು.

ಸಮೀಕರಣಕ್ಕೆ ಮಿತಿಗಳಿವೆ. X ಇಲ್ಲಿ ಎಷ್ಟು ಕರಗಿದರೂ ಸೊನ್ನೆ ಮುಟ್ಟುವುದಿಲ್ಲ, ಅರ್ಧ ಕುರಿ, ಕಾಲು ಕುರಿ ಎಂದು ಮುಂದುವರಿಯುತ್ತದೆ. ನಿಜವಾದ ಹಿಂಡು ಒಂದು ಕುರಿಗೆ ಇಳಿದರೆ ಕಥೆ ಮುಗಿಯಿತು. ಹಿಂಡು ಚಿಕ್ಕದಾದಾಗ ಇನ್ನೊಂದು ಬಗೆಯ ಅದೃಷ್ಟವೂ ಸೇರಿಕೊಳ್ಳುತ್ತದೆ. ಬರ ಬಂದರೆ ಎಲ್ಲ ಕುರಿಗಳಿಗೂ ಒಟ್ಟಿಗೆ ಬರುತ್ತದೆ, ಅದಕ್ಕೆ σ X dW ಸರಿ. ಯಾವ ಕುರಿ ಈ ವರ್ಷ ಎರಡು ಮರಿ ಹಾಕಿತು, ಯಾವುದು ಹಾವು ಕಚ್ಚಿ ಸತ್ತಿತು ಎಂಬುದು ಒಂದೊಂದರ ಹಣೆಬರಹ. ಸಾವಿರ ಕುರಿಗಳಲ್ಲಿ ಅದು ವಜಾ ಆಗುತ್ತದೆ, ಐದು ಕುರಿಗಳಲ್ಲಿ ಆಗುವುದಿಲ್ಲ. ಅದಕ್ಕೆ Xನ ವರ್ಗಮೂಲ ಹಾಕಿದ ಬೇರೆ ತುಂಡು ಬೇಕು. ಇನ್ನು, dWಗೆ ನೆನಪಿಲ್ಲ ಎಂದೆವು. ಬರ ಮಾತ್ರ ಕೆಲವೊಮ್ಮೆ ಎರಡು ಮೂರು ವರ್ಷ ಸಾಲಾಗಿ ಬರುತ್ತದೆ.

ಏರುಪೇರು ಬೆಳವಣಿಗೆಯನ್ನು ತಿನ್ನುತ್ತದೆ ಎಂದ ಮೇಲೆ, ಸರಾಸರಿಯನ್ನು ಸ್ವಲ್ಪ ಬಿಟ್ಟುಕೊಟ್ಟಾದರೂ ಏರುಪೇರನ್ನು ತಗ್ಗಿಸುವುದು ಲಾಭವೇ? ಡಾನ್ ಕೊಹೆನ್ 1966ರಲ್ಲೇ ಮರುಭೂಮಿಯ ಗಿಡಗಳ ಬಗ್ಗೆ ಈ ಪ್ರಶ್ನೆ ಕೇಳಿದ್ದರು. ಒಂದೇ ವರ್ಷ ಬದುಕುವ ಪುಟ್ಟ ಗಿಡಗಳು ಅವು. ಮಳೆ ಬಿದ್ದಾಗ ನೆಲದಲ್ಲಿರುವ ಬೀಜಗಳಲ್ಲಿ ಕೆಲವು ಮೊಳೆಯುತ್ತವೆ, ಉಳಿದವು ಸುಮ್ಮನೆ ಮಲಗಿರುತ್ತವೆ. ಅಷ್ಟೇ ನೀರು, ಅಷ್ಟೇ ಮಣ್ಣು. ಆದರೂ ಕೆಲವು ಬೀಜ ಏಳುವುದಿಲ್ಲ. ಯಾಕೆ?

ಲೆಕ್ಕ ಹಾಕಿ ನೋಡೋಣ. ಒಳ್ಳೆಯ ವರ್ಷ ಮೊಳೆತ ಒಂದು ಬೀಜ 4 ಬೀಜ ಕೊಡುತ್ತದೆ, ಕೆಟ್ಟ ವರ್ಷ ಮೊಳೆತದ್ದೆಲ್ಲ ಒಣಗಿ ಸಾಯುತ್ತದೆ, ಎರಡಕ್ಕೂ ಸಮಪಾಲು ಎಂದುಕೊಳ್ಳಿ. ಮಲಗಿದ ಬೀಜ ಹಾಗೆಯೇ ಉಳಿಯುತ್ತದೆ ಎಂದೂ ಇರಲಿ. ಎಲ್ಲ ಬೀಜವೂ ಮೊಳೆತರೆ ಸರಾಸರಿ ವರ್ಷಕ್ಕೆ ಎರಡು ಪಟ್ಟು. ಸರಾಸರಿಯಲ್ಲಿ ಇದನ್ನು ಮೀರಿಸುವ ದಾರಿಯಿಲ್ಲ, ಆದರೆ ಮೊದಲ ಕೆಟ್ಟ ವರ್ಷವೇ ವಂಶ ನಿರ್ನಾಮ. ಅರ್ಧದಷ್ಟು ಮೊಳೆತರೆ ಒಳ್ಳೆಯ ವರ್ಷ 100 ಬೀಜ 250 ಆಗುತ್ತದೆ, ಕೆಟ್ಟ ವರ್ಷ 50 ಉಳಿಯುತ್ತದೆ. ಸರಾಸರಿ ಒಂದೂವರೆ ಪಟ್ಟಿಗೆ ಇಳಿಯಿತು. ಆದರೆ ಒಂದು ಒಳ್ಳೆಯ, ಒಂದು ಕೆಟ್ಟ ವರ್ಷ ಕಳೆದಾಗ 100 ಬೀಜ 125 ಆಗಿರುತ್ತದೆ. ಮೂರರಲ್ಲಿ ಒಂದು ಪಾಲು ಮಾತ್ರ ಮೊಳೆತರೆ ಒಳ್ಳೆಯ ವರ್ಷ 200, ಕೆಟ್ಟ ವರ್ಷ 67ರಷ್ಟು. ಸರಾಸರಿ ಇನ್ನೂ ಕಡಿಮೆ, ಆದರೆ ಎರಡು ವರ್ಷ ಸೇರಿದಾಗ 133. ಈ ಲೆಕ್ಕದಲ್ಲಿ ಇದಕ್ಕಿಂತ ಚೆನ್ನಾದ ಪಾಲು ಇಲ್ಲ. ಇನ್ನೂ ಕಡಿಮೆ ಬೀಜ ಮೊಳೆತರೆ ಒಳ್ಳೆಯ ವರ್ಷದ ಲಾಭವೇ ಕೈತಪ್ಪುತ್ತದೆ.

ನಮ್ಮ ಬಯಲುಸೀಮೆಯ ರೈತರು ರಾಗಿಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳನ್ನು ಅಕ್ಕಡಿಯಾಗಿ ಬಿತ್ತುವಾಗಲೂ ಇದೇ ಬಗೆಯ ಲೆಕ್ಕ ಕೆಲಸ ಮಾಡುತ್ತದೆ. ಒಂದು ಬೆಳೆಗೆ ಕೆಟ್ಟದ್ದಾದ ಮಳೆ ಇನ್ನೊಂದಕ್ಕೆ ಅಷ್ಟು ಕೆಟ್ಟದ್ದಾಗುವುದಿಲ್ಲ. ಒಟ್ಟು ಹೊಲದ ಏರುಪೇರು ತಗ್ಗುತ್ತದೆ.

ಕೊಹೆನ್ ಹೇಳಿದ್ದು ಹಾಳೆಯ ಮೇಲಿನ ಮಾತಾಗಿ ಉಳಿಯಲಿಲ್ಲ. ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ಊರಿನ ಮರುಭೂಮಿ ಪ್ರಯೋಗಾಲಯದ ನೆಲದಲ್ಲಿ ಲಾರೆನ್ಸ್ ವೆನಬಲ್ ಮತ್ತು ಅವರ ಸಂಗಡಿಗರು 1980ರ ದಶಕದಿಂದ ಇಂಥ ಗಿಡಗಳನ್ನು ವರ್ಷ ವರ್ಷವೂ ಎಣಿಸುತ್ತ ಬಂದರು: ಎಷ್ಟು ಬೀಜ ಮೊಳೆಯಿತು, ಎಷ್ಟು ಗಿಡ ಬದುಕಿತು, ಎಷ್ಟು ಬೀಜ ಕಟ್ಟಿತು. ಎರಡು ದಶಕಗಳಿಗೂ ಮೀರಿದ ಆ ಲೆಕ್ಕ 2007ರಲ್ಲಿ ಪ್ರಕಟವಾಯಿತು. ಯಾವ ಜಾತಿಯ ಗಿಡಕ್ಕೆ ವರ್ಷದಿಂದ ವರ್ಷಕ್ಕೆ ಇಳುವರಿಯ ಏರುಪೇರು ಹೆಚ್ಚಿತ್ತೋ, ಆ ಜಾತಿಯ ಬೀಜಗಳಲ್ಲಿ ಮೊಳೆಯದೆ ನೆಲದಲ್ಲೇ ಮಲಗಿದವುಗಳ ಪಾಲೂ ಹೆಚ್ಚಿತ್ತು.